ಓಟಿ, ಐಡಲ್ ಟೈಮ್ ಎರಡೂ ಇರುವ ತಿಂಗಳಲ್ಲಿ ಕೂಲಿ ವ್ಯತ್ಯಾಸ ತೆಗೆಯುವುದು ಹೇಗೆ

ಕೂಲಿಯ ದರ ವ್ಯತ್ಯಾಸ, ದಕ್ಷತಾ ವ್ಯತ್ಯಾಸ ತೆಗೆಯುವ ಸೂತ್ರಗಳು ಎರಡೇ ಸಾಲು. ದರದ ವ್ಯತ್ಯಾಸವನ್ನು ನಿಜವಾದ ಗಂಟೆಯಿಂದ ಗುಣಿಸಬೇಕು, ಗಂಟೆಯ ವ್ಯತ್ಯಾಸವನ್ನು ಸ್ಟ್ಯಾಂಡರ್ಡ್ ದರದಿಂದ ಗುಣಿಸಬೇಕು, ಅಷ್ಟೇ. ಆದರೆ ತಿಂಗಳಲ್ಲಿ ಓವರ್‌ಟೈಮ್ ನಡೆದಿದ್ದು, ನಡುವೆ ಮಷಿನ್ ಕೆಟ್ಟು ಜನ ಕೈಕಟ್ಟಿ ಕೂತಿದ್ದರೆ 'ನಿಜವಾದ ಗಂಟೆ' ಯಾವುದು, 'ನಿಜವಾದ ದರ' ಯಾವುದು ಎಂಬುದೇ ಗೊಂದಲವಾಗುತ್ತದೆ. ಗೇಟಿನಲ್ಲಿ ಒಂದು ಲೆಕ್ಕ, ಜಾಬ್ ಕಾರ್ಡಿನಲ್ಲಿ ಇನ್ನೊಂದು, ವೇತನ ಪಟ್ಟಿಯಲ್ಲಿ ಮತ್ತೊಂದು. ಯಾವುದನ್ನು ಹಾಕಿದರೂ ಒಟ್ಟು ವ್ಯತ್ಯಾಸ ತಾಳೆಯಾಗುತ್ತದೆ. ಹಾಗಾಗಿ ತಪ್ಪು ಹಾಕಿದವರಿಗೆ ತಪ್ಪಾಗಿದೆ ಎಂದು ತಿಳಿಯುವುದೇ ಇಲ್ಲ.

ಒಂದು ಲೇತ್ ಸೆಕ್ಷನ್ನಿನ ಒಂದು ತಿಂಗಳ ಲೆಕ್ಕವನ್ನು ಹಿಡಿದು ನೋಡೋಣ.

ಉದಾಹರಣೆಯ ಅಂಕಿಗಳು

ಸೆಕ್ಷನ್ನಿನಲ್ಲಿ 6 ಜನ. ತಿಂಗಳಿಗೆ 20 ದಿನ, ದಿನಕ್ಕೆ 8 ಗಂಟೆ. ಒಟ್ಟು 960 ಸಾಮಾನ್ಯ ಗಂಟೆ. ಮಾಡುವುದು ಒಂದೇ ಬಗೆಯ ಬುಷ್. ಒಂದು ಬುಷ್‌ಗೆ ಸ್ಟ್ಯಾಂಡರ್ಡ್ ಸಮಯ ಅರ್ಧ ಗಂಟೆ, ಸ್ಟ್ಯಾಂಡರ್ಡ್ ದರ ಗಂಟೆಗೆ 120 ರೂಪಾಯಿ.

ಆ ತಿಂಗಳು ತಪಾಸಣೆಯಲ್ಲಿ ಪಾಸಾದ ಬುಷ್ 2,000. ಸಾಮಾನ್ಯ ಗಂಟೆಗಳ ಮೇಲೆ 80 ಗಂಟೆ ಓಟಿ ಆಗಿದೆ. ಗಂಟೆಗೆ ಕೊಟ್ಟ ಮೂಲ ದರ 124 ರೂ., ಓಟಿ ಗಂಟೆಗೆ ಅದರ ದುಪ್ಪಟ್ಟು. ಮಷಿನ್ ಕೆಟ್ಟು 44 ಗಂಟೆ, ಕಚ್ಚಾ ಸರಳು ಬರದೆ 16 ಗಂಟೆ, ಒಟ್ಟು 60 ಗಂಟೆ ಕೆಲಸ ನಿಂತಿದೆ. ಇವೆಲ್ಲವೂ ಸಾಮಾನ್ಯ ಪಾಳಿಯಲ್ಲೇ ಆದದ್ದು. ವೇತನ ಪಟ್ಟಿಯ ಮೊತ್ತ 1,38,880 ರೂ.

2,000 ಬುಷ್‌ಗೆ ಸ್ಟ್ಯಾಂಡರ್ಡ್ ಪ್ರಕಾರ ಬೇಕಾಗಿದ್ದದ್ದು 1,000 ಗಂಟೆ, ಅಂದರೆ 1,20,000 ರೂ. ಹೀಗಾಗಿ ಒಟ್ಟು ವ್ಯತ್ಯಾಸ 18,880 ರೂ., ಪ್ರತಿಕೂಲ. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ಈ 18,880 ಯಾರ ತಲೆಗೆ ಹೋಗಬೇಕು ಎಂಬಲ್ಲಿಂದ ಕೆಲಸ ಶುರು.

ಮೊದಲ ಹೆಜ್ಜೆ: ಗಂಟೆಗಳನ್ನು ಬೇರ್ಪಡಿಸಿ

ಕ್ಯಾಲ್ಕುಲೇಟರ್ ಮುಟ್ಟುವ ಮೊದಲು ಮೂರು ದಾಖಲೆ ಎದುರಿಗಿರಲಿ: ಗೇಟ್ ಹಾಜರಿ, ಜಾಬ್ ಕಾರ್ಡುಗಳು, ಐಡಲ್ ಟೈಮ್ ಚೀಟಿಗಳು. ಗೇಟ್ ಹಾಜರಿಯಿಂದ ಸಿಗುವುದು ಜನ ಒಳಗಿದ್ದ ಗಂಟೆ: 960 ಮತ್ತು 80 ಸೇರಿ 1,040. ಜಾಬ್ ಕಾರ್ಡುಗಳನ್ನು ಕೂಡಿದರೆ ಸಿಗುವುದು ಕೆಲಸ ನಡೆದ ಗಂಟೆ: 980. ಚೀಟಿಗಳಿಂದ ಸಿಗುವುದು ನಿಂತ ಗಂಟೆ: 60. ಕೊನೆಯ ಎರಡನ್ನು ಕೂಡಿದರೆ ಮೊದಲನೆಯದು ಬರಬೇಕು. ಬಾರದಿದ್ದರೆ ಮುಂದಕ್ಕೆ ಹೋಗಬೇಡಿ. ವ್ಯತ್ಯಾಸದ ಲೆಕ್ಕದಲ್ಲಿ ಅದನ್ನು ಸರಿಪಡಿಸಲು ಆಗದು.

ಇನ್ನೊಂದು ತೊಂದರೆ ಇದೆ. ಮೂರೂ ತಾಳೆಯಾಗಿದ್ದರೂ ಅಂಕಿ ಸುಳ್ಳಿರಬಹುದು. ಆಪರೇಟರ್ ಜಾಬ್ ಕಾರ್ಡಿನಲ್ಲಿ ಬರೆಯುವುದು ಕೆಲಸ ಶುರುವಾದ ಹೊತ್ತು ಮತ್ತು ಮುಗಿದ ಹೊತ್ತು. ನಡುವೆ ಬೆಲ್ಟ್ ಹರಿದು ಎರಡು ಗಂಟೆ ಮಷಿನ್ ನಿಂತರೂ ಕಾರ್ಡಿನಲ್ಲಿ ಅದು ಕೆಲಸದ ಗಂಟೆಯಾಗಿಯೇ ಉಳಿಯುತ್ತದೆ, ಚೀಟಿ ಹುಟ್ಟುವುದೇ ಇಲ್ಲ. ಇದನ್ನು ಹಿಡಿಯಲು ಮೇಂಟೆನೆನ್ಸ್ ಲಾಗ್‌ಬುಕ್ ತೆಗೆಯಿರಿ. ಅಲ್ಲಿ 'ಲೇತ್ ನಂಬರ್ 3, ಎರಡು ಗಂಟೆ ಬಂದ್' ಎಂದಿದ್ದು, ಆ ದಿನದ ಐಡಲ್ ಚೀಟಿ ಇಲ್ಲದಿದ್ದರೆ ಆ ಎರಡು ಗಂಟೆ ದಕ್ಷತೆಯ ಲೆಕ್ಕದೊಳಗೆ ಅಡಗಿ ಕೂತಿದೆ. ಚೀಟಿ ಬರೆಯುವ ಅಧಿಕಾರ ಸೂಪರ್‌ವೈಸರ್ ಒಬ್ಬರಿಗೇ ಇರುವ ಕಡೆ ಇದರ ಉಲ್ಟಾ ಕೂಡ ಆಗುತ್ತದೆ. ನಿಧಾನವಾಗಿ ನಡೆದ ಕೆಲಸದ ಗಂಟೆಗಳನ್ನು ಐಡಲ್‌ಗೆ ತಳ್ಳಿ ದಕ್ಷತೆ ಚೆನ್ನಾಗಿ ಕಾಣುವಂತೆ ಮಾಡುವುದು ಕಷ್ಟವೇನಲ್ಲ. ಆದ್ದರಿಂದ ಕಾರಣ ಬರೆಯದ ಚೀಟಿಯನ್ನು ಐಡಲ್ ಎಂದು ಒಪ್ಪಿಕೊಳ್ಳಬಾರದು.

ಟೂಲ್ ಬದಲಿಸುವುದು, ಸೆಟ್ಟಿಂಗ್, ಮಷಿನ್ ಒರೆಸುವುದು ಐಡಲ್ ಅಲ್ಲ. ಅರ್ಧ ಗಂಟೆಯ ಸ್ಟ್ಯಾಂಡರ್ಡ್ ಹಾಕುವಾಗಲೇ ಅವುಗಳಿಗೆ ಜಾಗ ಕೊಟ್ಟಿರುತ್ತಾರೆ. ಅವಕ್ಕೂ ಚೀಟಿ ಹರಿದರೆ ಒಂದೇ ಸಮಯವನ್ನು ಎರಡು ಬಾರಿ ಮನ್ನಾ ಮಾಡಿದಂತಾಗುತ್ತದೆ.

ಎರಡನೇ ಹೆಜ್ಜೆ: ಕೂಲಿಯನ್ನು ಬೇರ್ಪಡಿಸಿ

ಓಟಿ ಕೂಲಿಯಲ್ಲಿ ಎರಡು ಭಾಗ ಇರುತ್ತದೆ. ಆ ಗಂಟೆಯ ಮೂಲ ಕೂಲಿ 124 ರೂ. ಒಂದು. ಹೊತ್ತು ಮೀರಿ ನಿಂತದ್ದಕ್ಕೆ ಮೇಲೆ ಕೊಟ್ಟ 124 ರೂ. ಇನ್ನೊಂದು; ಇದನ್ನು ಓಟಿ ಹೆಚ್ಚುವರಿ ಎನ್ನೋಣ. ಮೂಲ ಕೂಲಿ ಎಲ್ಲ 1,040 ಗಂಟೆಗೂ ಒಂದೇ: 1,28,960 ರೂ. ಹೆಚ್ಚುವರಿ 80 ಗಂಟೆಗೆ ಮಾತ್ರ: 9,920 ರೂ. ಎರಡೂ ಸೇರಿ ವೇತನ ಪಟ್ಟಿಯ 1,38,880.

ನಿಮ್ಮಲ್ಲಿ ಓಟಿ ದರ ಒಂದೂವರೆ ಪಟ್ಟಾದರೆ ಹೆಚ್ಚುವರಿ ಮೂಲ ದರದ ಅರ್ಧ ಮಾತ್ರ. ಪಟ್ಟು ಎಷ್ಟೇ ಇರಲಿ, ಮೂಲ ಕೂಲಿಯನ್ನು ಓಟಿ ಗಂಟೆಗೂ ಸೇರಿಸಿ ಲೆಕ್ಕ ಹಾಕಬೇಕು, ಓಟಿ ದರದಲ್ಲಿ ಮೂಲ ದರ ಕಳೆದು ಉಳಿದದ್ದು ಹೆಚ್ಚುವರಿ.

ಮೂರನೇ ಹೆಜ್ಜೆ: ನಾಲ್ಕು ವ್ಯತ್ಯಾಸ

ದರ ವ್ಯತ್ಯಾಸ: ಗಂಟೆಗೆ 4 ರೂ. ಹೆಚ್ಚು ಕೊಟ್ಟಿದ್ದೇವೆ, ಅದೂ ದುಡ್ಡು ಕೊಟ್ಟ ಎಲ್ಲ 1,040 ಗಂಟೆಗೆ. ಆದ್ದರಿಂದ 4,160 ರೂ. ಪ್ರತಿಕೂಲ. ಇಲ್ಲಿ 980 ಗಂಟೆ ಹಾಕುವವರಿದ್ದಾರೆ. ಸುಮ್ಮನೆ ಕೂತ ಗಂಟೆಗೂ 124 ರಂತೆಯೇ ಕೂಲಿ ಕೊಟ್ಟಿರುವಾಗ ಆ 60 ಗಂಟೆಯ 240 ರೂ. ಎಲ್ಲಿಗೆ ಹೋಗಬೇಕು? ದರ ವ್ಯತ್ಯಾಸಕ್ಕೇ.

ಓಟಿ ಹೆಚ್ಚುವರಿ: 9,920 ರೂ. ಪ್ರತಿಕೂಲ. ಸ್ಟ್ಯಾಂಡರ್ಡಿನಲ್ಲಿ ಓಟಿಗೆ ಜಾಗವೇ ಇಲ್ಲದ ಕಾರಣ ಪೂರ್ತಿ ಮೊತ್ತ ವ್ಯತ್ಯಾಸವೇ.

ಐಡಲ್ ಟೈಮ್ ವ್ಯತ್ಯಾಸ: 60 ಗಂಟೆ, ಸ್ಟ್ಯಾಂಡರ್ಡ್ ದರ 120ರಂತೆ 7,200 ರೂ. ಪ್ರತಿಕೂಲ. ಇದು ಅನುಕೂಲವಾಗುವ ಪ್ರಶ್ನೆಯೇ ಇಲ್ಲ, ಸ್ಟ್ಯಾಂಡರ್ಡಿನಲ್ಲೇ ಸ್ವಲ್ಪ ಐಡಲ್ ಇಟ್ಟುಕೊಂಡಿದ್ದರೆ ಮಾತ್ರ ಆಗಬಹುದು. ಆ ಸಂಗತಿ ಕೆಳಗೆ ಬರುತ್ತದೆ.

ದಕ್ಷತಾ ವ್ಯತ್ಯಾಸ: ಬೇಕಾದದ್ದು 1,000 ಗಂಟೆ, ಕೈ ಆಡಿದ್ದು 980 ಗಂಟೆ. 20 ಗಂಟೆ ಉಳಿದಿದೆ. 120ರಂತೆ 2,400 ರೂ. ಅನುಕೂಲ.

ಕೂಡಿ ನೋಡಿ: 4,160, 9,920, 7,200 ಸೇರಿ 21,280. ಅದರಲ್ಲಿ 2,400 ಕಳೆದರೆ 18,880. ಒಟ್ಟಿಗೆ ಸರಿಹೋಯಿತು.

ತಾಳೆಯಾದರೂ ತಪ್ಪಾಗುವ ಎರಡು ದಾರಿ

ಇದೇ ಅಂಕಿಗಳನ್ನು ಬೇರ್ಪಡಿಸದೆ ಹಾಕಿದರೆ ಏನಾಗುತ್ತದೆ? ಕೊಟ್ಟ ಕೂಲಿ 1,38,880. 1,040 ಗಂಟೆಗೆ ಸ್ಟ್ಯಾಂಡರ್ಡ್ ದರದಲ್ಲಿ 1,24,800. ದರ ವ್ಯತ್ಯಾಸ 14,080 ಪ್ರತಿಕೂಲ. 1,040ರಲ್ಲಿ 1,000 ಕಳೆದ 40 ಗಂಟೆಗೆ ದಕ್ಷತಾ ವ್ಯತ್ಯಾಸ 4,800 ಪ್ರತಿಕೂಲ. ಒಟ್ಟು ಅದೇ 18,880. ಆದರೆ ವರದಿ ಹೇಳುತ್ತಿರುವುದು ಏನು? ಜನ ನಿಧಾನ ಮಾಡಿದರು ಅಂತ. ವಾಸ್ತವದಲ್ಲಿ ಅವರು ಸ್ಟ್ಯಾಂಡರ್ಡಿಗಿಂತ ಚುರುಕಾಗಿದ್ದರು; 60 ಗಂಟೆ ಅವರ ಕೈಗೆ ಕೆಲಸ ಕೊಟ್ಟವರೇ ಇರಲಿಲ್ಲ.

ಎರಡನೆಯದು ಇನ್ನೂ ಕೆಟ್ಟದ್ದು. ಕೆಲವು ವೇತನ ಪಟ್ಟಿಗಳಲ್ಲಿ ದುಪ್ಪಟ್ಟು ದರ ತೋರಿಸುವ ಬದಲು ಗಂಟೆಯನ್ನೇ ದುಪ್ಪಟ್ಟು ಮಾಡಿ ಬರೆಯುತ್ತಾರೆ. 80 ಓಟಿ ಗಂಟೆ ಪಟ್ಟಿಯಲ್ಲಿ 160 ಆಗುತ್ತದೆ, ಒಟ್ಟು ಗಂಟೆ 1,120 ಆಗುತ್ತದೆ. ಕೂಲಿ ಪಾವತಿಗೆ ಇದರಿಂದ ತೊಂದರೆಯಿಲ್ಲ, ಹಣ ಸರಿಯಾಗಿಯೇ ಹೋಗುತ್ತದೆ. ಆದರೆ ಲೆಕ್ಕದವರು ಆ 1,120 ಅನ್ನು ಎತ್ತಿಕೊಂಡರೆ ದರ ವ್ಯತ್ಯಾಸ 4,480 ಮಾತ್ರ, ದಕ್ಷತಾ ವ್ಯತ್ಯಾಸ 120 ಗಂಟೆಗೆ 14,400 ಪ್ರತಿಕೂಲ. ಒಟ್ಟು ಮತ್ತೆ 18,880! ಯಾರೂ ಕೆಲಸ ಮಾಡದ, ಗಡಿಯಾರದಲ್ಲೇ ಇಲ್ಲದ 80 ಗಂಟೆಗೆ ಸೆಕ್ಷನ್ ಜವಾಬು ಕೊಡಬೇಕಾಗುತ್ತದೆ. ಪತ್ತೆ ಹಚ್ಚುವುದು ಸುಲಭ: ವೇತನ ಪಟ್ಟಿಯ ಗಂಟೆ ಗೇಟ್ ಹಾಜರಿಗಿಂತ ಹೆಚ್ಚಿದ್ದು, ಆ ಹೆಚ್ಚಳ ಓಟಿ ಗಂಟೆಗೆ ಸರಿಯಾಗಿ ಸಮನಿದ್ದರೆ ಇದೇ ಕಾರಣ. ಗಂಟೆಯನ್ನು ಯಾವತ್ತೂ ಗೇಟಿನಿಂದ ತೆಗೆದುಕೊಳ್ಳಿ, ವೇತನ ಪಟ್ಟಿಯಿಂದ ರೂಪಾಯಿ ಮಾತ್ರ.

ಸ್ಪ್ರೆಡ್‌ಶೀಟಿನಲ್ಲಿ

B1ರಲ್ಲಿ ಪಾಸಾದ ಬುಷ್, B2ರಲ್ಲಿ ಒಂದಕ್ಕೆ ಸ್ಟ್ಯಾಂಡರ್ಡ್ ಗಂಟೆ, B3ರಲ್ಲಿ ಸ್ಟ್ಯಾಂಡರ್ಡ್ ದರ, B4ರಲ್ಲಿ ಮೂಲ ದರ, B5ರಲ್ಲಿ ಗೇಟ್ ಗಂಟೆ, B6ರಲ್ಲಿ ಓಟಿ ಗಂಟೆ, B7ರಲ್ಲಿ ಐಡಲ್ ಗಂಟೆ, B8ರಲ್ಲಿ ವೇತನ ಪಟ್ಟಿಯ ಮೊತ್ತ ಇಡಿ. B10ರಿಂದ B13ರವರೆಗೆ ಕ್ರಮವಾಗಿ ದರ, ಓಟಿ ಹೆಚ್ಚುವರಿ, ಐಡಲ್, ದಕ್ಷತೆ. B14ರಲ್ಲಿ ತಾಳೆ.

```
B10: =B5*(B4-B3)
B11: =B6*B4
B12: =B7*B3
B13: =(B5-B7-B1*B2)*B3
B14: =B8-B1*B2*B3-SUM(B10:B13)
```

ಧನ ಸಂಖ್ಯೆ ಬಂದರೆ ಪ್ರತಿಕೂಲ, ಋಣ ಬಂದರೆ ಅನುಕೂಲ. B14ರಲ್ಲಿ ಸೊನ್ನೆ ಬರಬೇಕು. ಓಟಿ ಹೆಚ್ಚುವರಿಯನ್ನು 'ಒಟ್ಟು ಕೂಲಿಯಲ್ಲಿ ಉಳಿದದ್ದು' ಎಂದು ತೆಗೆದುಬಿಟ್ಟರೆ B14 ಯಾವಾಗಲೂ ಸೊನ್ನೆಯೇ ಆಗುತ್ತದೆ, ಯಾರದೋ ಓಟಿ ಎರಡು ಬಾರಿ ಪಾವತಿಯಾಗಿದ್ದರೂ ಅದರೊಳಗೇ ಮುಚ್ಚಿಹೋಗುತ್ತದೆ. ಅದಕ್ಕೇ B11 ಅನ್ನು ಓಟಿ ಗಂಟೆಯಿಂದ ಗುಣಿಸಿಯೇ ತೆಗೆಯಬೇಕು. ಮೇಲಿನ B11 ದುಪ್ಪಟ್ಟು ಓಟಿಗೆ; ಒಂದೂವರೆ ಪಟ್ಟಾದರೆ =B6*B4*0.5 ಹಾಕಿ. ಆರು ಜನರ ಮೂಲ ದರ ಬೇರೆ ಬೇರೆ ಇದ್ದರೆ ಒಂದೇ B4 ಸಾಲದು. ಒಬ್ಬೊಬ್ಬರಿಗೆ ಒಂದು ಸಾಲಿನಲ್ಲಿ ದರ ಮತ್ತು ಓಟಿ ಹೆಚ್ಚುವರಿ ತೆಗೆದು ಕೂಡಿ, ಇಲ್ಲದಿದ್ದರೆ ಹೆಚ್ಚು ಸಂಬಳದವರು ಹೆಚ್ಚು ಓಟಿ ಮಾಡಿದ ತಿಂಗಳು B14ರಲ್ಲಿ ಚಿಲ್ಲರೆ ಉಳಿಯುತ್ತದೆ.

ಐಡಲ್ ಮತ್ತು ಓಟಿ ನಡುವಿನ ನಂಟು

ನಾಲ್ಕು ಸಾಲಿನ ವರದಿ ಕೈಗೆ ಬಂದ ಮೇಲೆ ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ. ಮಷಿನ್ ಕೆಟ್ಟದ್ದು ಮತ್ತು ಸರಕು ಬಾರದ್ದು 7,200ರ ನಷ್ಟ, ಓಟಿ ಮಾಡಿಸಿದ್ದು 9,920ರ ನಷ್ಟ, ಎರಡಕ್ಕೂ ಬೇರೆ ಬೇರೆ ಜವಾಬ್ದಾರರು ಎಂದು ಓದುತ್ತಾರೆ. ಹಾಗೆ ಓದಿದರೆ ಪ್ಲಾನಿಂಗ್ ವಿಭಾಗದವರು 'ಇಷ್ಟು ಓಟಿ ಯಾಕೆ' ಎಂದು ಬೈಸಿಕೊಳ್ಳುತ್ತಾರೆ.

2,000 ಬುಷ್ ಮಾಡಲು ಈ ಜನಕ್ಕೆ ಹಿಡಿದದ್ದು 980 ಗಂಟೆ. ಸಾಮಾನ್ಯ ಪಾಳಿಯಲ್ಲಿ ಸಿಗುವುದು 960. ಒಂದು ಗಂಟೆಯೂ ನಿಲ್ಲದಿದ್ದರೆ ಬೇಕಾಗುತ್ತಿದ್ದ ಓಟಿ 20 ಗಂಟೆ ಮಾತ್ರ. ಉಳಿದ 60 ಗಂಟೆ ಓಟಿ ನಡೆದದ್ದು ನಿಂತ 60 ಗಂಟೆಯನ್ನು ತುಂಬಿಸಲು. ಆಗ ಕೂಲಿ ಎಷ್ಟಾಗುತ್ತಿತ್ತು? 980 ಗಂಟೆಗೆ ಮೂಲ ಕೂಲಿ 1,21,520, 20 ಗಂಟೆಯ ಹೆಚ್ಚುವರಿ 2,480, ಒಟ್ಟು 1,24,000 ರೂ. ಈಗ ಕೊಟ್ಟಿರುವುದು 1,38,880. ಅಂದರೆ ಆ 60 ಗಂಟೆ ನಿಂತದ್ದರ ಬೆಲೆ 14,880 ರೂ.; ಐಡಲ್ ಸಾಲಿನಲ್ಲಿ ಕಾಣುವ 7,200ರ ಎರಡು ಪಟ್ಟಿಗೂ ಮೇಲೆ.

ವರದಿಯ ನಾಲ್ಕು ಸಾಲನ್ನು ಇದಕ್ಕಾಗಿ ಬದಲಿಸಬೇಕಾಗಿಲ್ಲ. ಓಟಿ ಹೆಚ್ಚುವರಿಯ 9,920ರ ಕೆಳಗೆ ಎರಡು ಉಪಸಾಲು ಹಾಕಿ: ಐಡಲ್ ತುಂಬಿಸಲು 60 ಗಂಟೆ, 7,440 ರೂ.; ಕೆಲಸದ ಒತ್ತಡಕ್ಕೆ 20 ಗಂಟೆ, 2,480 ರೂ. ಮೊದಲನೆಯದನ್ನೂ ಮಷಿನ್ ಮತ್ತು ಸರಕಿನ ನಡುವೆ 44 ಹಾಗೂ 16 ಗಂಟೆಯಂತೆ ಹಂಚಿದರೆ ಮೇಂಟೆನೆನ್ಸ್ ಬಾಬ್ತು 5,456, ಖರೀದಿ ವಿಭಾಗದ ಬಾಬ್ತು 1,984.

ಹೀಗೆ ಜೋಡಿಸುವ ಮೊದಲು ತಾರೀಕು ನೋಡಲೇಬೇಕು. ತಿಂಗಳ ಮೊದಲ ವಾರ ಓಟಿ ಮುಗಿದು, ಮಷಿನ್ ಕೆಟ್ಟದ್ದು ಕೊನೆಯ ವಾರವಾಗಿದ್ದರೆ ಆ ಓಟಿಯನ್ನು ಈ ಐಡಲ್‌ಗೆ ಗಂಟು ಹಾಕಲು ಬರುವುದಿಲ್ಲ. ಹಾಗೆಯೇ ಆ ತಿಂಗಳು ಆರ್ಡರೇ ಕಡಿಮೆ ಇದ್ದು, ನಿಂತ ಗಂಟೆಯನ್ನು ಯಾರೂ ತುಂಬಿಸದೇ ಬಿಟ್ಟಿದ್ದರೆ ನಷ್ಟ ಐಡಲ್ ಕೂಲಿಯಷ್ಟೇ. ಐಡಲ್ ಚೀಟಿಯಲ್ಲೂ ಓಟಿ ಮಂಜೂರಾತಿ ಚೀಟಿಯಲ್ಲೂ ತಾರೀಕು ಮತ್ತು ಜಾಬ್ ನಂಬರ್ ಇದ್ದರೆ ಈ ಪ್ರಶ್ನೆಗೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಓಟಿ ಗಂಟೆಯ ದಕ್ಷತೆ ಬೇರೆ ನೋಡಿ

2,400ರ ಅನುಕೂಲ ನೋಡಿ ಎಲ್ಲವೂ ಚೆನ್ನಾಗಿದೆ ಎಂದುಕೊಳ್ಳಬಾರದು. ಜಾಬ್ ಕಾರ್ಡುಗಳನ್ನು ಸಾಮಾನ್ಯ ಪಾಳಿ, ಓಟಿ ಎಂದು ಎರಡು ಕಂತೆ ಮಾಡಿ. ನಮ್ಮ ಲೆಕ್ಕದಲ್ಲಿ ಸಾಮಾನ್ಯ ಪಾಳಿಯ 900 ಕೆಲಸದ ಗಂಟೆಯಲ್ಲಿ 1,850 ಬುಷ್, ಓಟಿಯ 80 ಗಂಟೆಯಲ್ಲಿ 150 ಬುಷ್ ಆಗಿವೆ ಎಂದುಕೊಳ್ಳಿ. 1,850ಕ್ಕೆ ಸ್ಟ್ಯಾಂಡರ್ಡ್ 925 ಗಂಟೆ. 25 ಗಂಟೆ ಉಳಿತಾಯ, 3,000 ರೂ. ಅನುಕೂಲ. 150ಕ್ಕೆ 75 ಗಂಟೆ. 5 ಗಂಟೆ ಹೆಚ್ಚು, 600 ರೂ. ಪ್ರತಿಕೂಲ. ಕೂಡಿದರೆ 2,400. ದುಪ್ಪಟ್ಟು ಕೂಲಿ ಕೊಟ್ಟ ಹೊತ್ತಿನಲ್ಲೇ ಕೈ ನಿಧಾನವಾಗಿದೆ. ದಣಿವು ಒಂದು ಕಾರಣ ಇರಬಹುದು. ಆದರೆ ಓಟಿ ಹೊತ್ತಿನಲ್ಲಿ ಸ್ಟೋರ್ ಮುಚ್ಚಿದ್ದು ಟೂಲ್‌ಗಾಗಿ ಅಲೆದದ್ದು, ಇನ್‌ಸ್ಪೆಕ್ಟರ್ ಇಲ್ಲದೆ ಮೊದಲ ಪೀಸ್ ಪಾಸಾಗಲು ಕಾದದ್ದು ಕೂಡ ಇದೇ ಸಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ದಣಿವು ಎಂದು ತೀರ್ಮಾನಿಸುವ ಮೊದಲು ಅವನ್ನು ವಿಚಾರಿಸಿ.

ಬುಷ್ ಎಣಿಸುವಾಗ ತಪಾಸಣೆ ಪಾಸಾದದ್ದನ್ನು ಮಾತ್ರ ಎಣಿಸಬೇಕು. ರಿಜೆಕ್ಟ್ ಆಗಿ ಮತ್ತೆ ಲೇತ್ ಏರಿದ ಬುಷ್ ಒಂದೇ ಬುಷ್. ಅದಕ್ಕೆ ಹಿಡಿದ ಎರಡನೇ ಸಲದ ಸಮಯ ಕೆಲಸದ ಗಂಟೆಯಲ್ಲೇ ಇರಲಿ, ದಕ್ಷತೆಯನ್ನು ತಗ್ಗಿಸಲಿ. ತಿಂಗಳ ಕೊನೆಗೆ ಅರ್ಧ ಮುಗಿದು ಮಷಿನ್ ಬಳಿ ಉಳಿದ ಪೀಸುಗಳಿದ್ದರೆ ಅವಕ್ಕೆ ಆದ ಕೆಲಸದಷ್ಟೇ ಸ್ಟ್ಯಾಂಡರ್ಡ್ ಗಂಟೆ ಸೇರಿಸಿ, ಮುಂದಿನ ತಿಂಗಳು ಅಷ್ಟನ್ನು ಕಳೆಯಿರಿ.

ಸ್ಟ್ಯಾಂಡರ್ಡಿನೊಳಗೇ ಐಡಲ್ ಇದ್ದರೆ

ತುಸು ಐಡಲ್ ಆಗಿಯೇ ಆಗುತ್ತದೆ ಎಂದು ಮೊದಲೇ ಲೆಕ್ಕ ಹಿಡಿಯುವ ವರ್ಕ್‌ಶಾಪ್‌ಗಳಿವೆ. ಕೂಲಿ ಕೊಟ್ಟ ಗಂಟೆಯಲ್ಲಿ ನೂರಕ್ಕೆ 4ರಷ್ಟು ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಆಗ 96 ಗಂಟೆಯ ಕೆಲಸಕ್ಕೆ 100 ಗಂಟೆಯ ಕೂಲಿ ಹೋಗುತ್ತದೆ. ಕೆಲಸ ನಡೆದ ಒಂದು ಗಂಟೆಯ ಸ್ಟ್ಯಾಂಡರ್ಡ್ ಬೆಲೆ 120 ಅಲ್ಲ, 120ನ್ನು 0.96ರಿಂದ ಭಾಗಿಸಿದರೆ ಬರುವ 125 ರೂ.

2,000 ಬುಷ್‌ನ ಸ್ಟ್ಯಾಂಡರ್ಡ್ ವೆಚ್ಚ ಈಗ 1,25,000, ಒಟ್ಟು ವ್ಯತ್ಯಾಸ 13,880 ಪ್ರತಿಕೂಲ. ದರ ಮತ್ತು ಓಟಿ ಹೆಚ್ಚುವರಿ ಬದಲಾಗುವುದಿಲ್ಲ, ಯಾಕೆಂದರೆ ಅವು ಕೂಲಿ ಕೊಟ್ಟ ಗಂಟೆಗೆ ಸೇರಿದ್ದು, ಅಲ್ಲಿ 120 ಮತ್ತು 124 ಹಾಗೆಯೇ ನಿಲ್ಲುತ್ತವೆ: ಎರಡೂ ಸೇರಿ 14,080. ಐಡಲ್‌ಗೆ 1,040ರ ನೂರಕ್ಕೆ 4, ಅಂದರೆ 41.6 ಗಂಟೆ ಮಾಫಿ, ಮೀರಿದ್ದು 18.4 ಗಂಟೆ, 125ರಂತೆ 2,300 ಪ್ರತಿಕೂಲ. ದಕ್ಷತೆ 20 ಗಂಟೆ, 125ರಂತೆ 2,500 ಅನುಕೂಲ. ಕೂಡಿ ಕಳೆದರೆ 13,880. ಐಡಲ್ 41.6 ಗಂಟೆಗಿಂತ ಕಡಿಮೆ ಆದ ತಿಂಗಳು ಈ ಸಾಲು ಅನುಕೂಲವಾಗಿ ಬರುತ್ತದೆ. ಇಲ್ಲಿ ಆಗುವ ಎಡವಟ್ಟು ಎಂದರೆ ದರವನ್ನು 125ಕ್ಕೆ ಏರಿಸಿಯೂ ಪೂರ್ತಿ 60 ಗಂಟೆಯನ್ನೇ ಐಡಲ್ ಸಾಲಿಗೆ ಹಾಕುವುದು. ಆಗ 5,200 ರೂ. ತಾಳೆಯಾಗದೆ ಉಳಿಯುತ್ತದೆ, 41.6 ಗಂಟೆಯನ್ನು 125ರಿಂದ ಗುಣಿಸಿದರೆ ಬರುವ ಮೊತ್ತವೇ ಅದು. ತಾಳೆ ತಪ್ಪಿದಾಗ ಆ ಗುಣಾಕಾರ ಮಾಡಿ ನೋಡಿದರೆ ಕಾರಣ ಸಿಕ್ಕೀತು.

ಹೆಚ್ಚುವರಿಯನ್ನು ಎಲ್ಲಿ ಬರೆಯಬೇಕು

ಓಟಿ ಹೆಚ್ಚುವರಿ ಕೂಲಿ ವ್ಯತ್ಯಾಸದಲ್ಲೇ ಇರಬೇಕೆಂದೇನಿಲ್ಲ. ಗಿರಾಕಿ ಅವಸರ ಮಾಡಿದ್ದರಿಂದ ನಡೆದ ಓಟಿಯಾದರೆ ಅದರ ಹೆಚ್ಚುವರಿ ಆ ಜಾಬಿನ ವೆಚ್ಚಕ್ಕೇ ಸೇರಬೇಕು, ಬಿಲ್ಲಿನಲ್ಲಿ ವಸೂಲಿಯೂ ಆಗಬೇಕು. ಒಟ್ಟಾರೆ ಕೆಲಸದ ಒತ್ತಡದಿಂದ ಆದದ್ದನ್ನು ಓವರ್‌ಹೆಡ್‌ಗೆ ಹಾಕುವುದು ರೂಢಿ. ಸಂಜೆ ಐದರ ನಂತರ ಲೇತ್ ಮೇಲಿದ್ದ ಜಾಬ್ ಯಾವುದು ಎಂಬುದು ಆಕಸ್ಮಿಕವಾದ್ದರಿಂದ ಅದಕ್ಕೆ ದುಪ್ಪಟ್ಟು ಕೂಲಿ ಹೊರಿಸುವುದು ನ್ಯಾಯವಲ್ಲ. ಓವರ್‌ಹೆಡ್‌ಗೆ ಹಾಕಿದರೆ ಈ ತಿಂಗಳ ಕೂಲಿ ವ್ಯತ್ಯಾಸ 18,880ರಿಂದ 8,960ಕ್ಕೆ ಇಳಿಯುತ್ತದೆ, ಮತ್ತು ಶೀಟಿನ B8ರಲ್ಲಿ 1,38,880ರ ಬದಲು 1,28,960 ಹಾಕಿ B11 ಅನ್ನು ಸೊನ್ನೆ ಮಾಡಬೇಕಾಗುತ್ತದೆ. ಒಂದು ತಿಂಗಳು ಹೀಗೆ, ಮರು ತಿಂಗಳು ಹಾಗೆ ಮಾಡಿದರೆ ಎರಡು ತಿಂಗಳ ಕೂಲಿ ವ್ಯತ್ಯಾಸವನ್ನು ಪಕ್ಕಪಕ್ಕ ಇಟ್ಟು ನೋಡಲು ಆಗುವುದಿಲ್ಲ. ಪದ್ಧತಿ ಬದಲಿಸಲೇಬೇಕಾದರೆ ವರ್ಷದ ಆರಂಭದಲ್ಲಿ ಬದಲಿಸಿ, ಹಿಂದಿನ ವರ್ಷದ ಅಂಕಿಗಳನ್ನೂ ಅದೇ ರೀತಿ ತಿರುಗಿ ಬರೆದಿಡಿ.